ಬಿಚ್ಚಿದ್ದು ಮನೆಯವರದ್ದು

ಪ್ಲಂಬರನ ಕೈ ಒಳ್ಳೆಯದು, ಬಾಯಿ ಮಾತ್ರ ಸೋರುತ್ತದೆ ಎಂದು ಅವನ ಅತ್ತೆ ಹೇಳುತ್ತಿದ್ದರು. ಮಗಳನ್ನು ಕೊಟ್ಟ ಮೊದಲ ವರ್ಷದಲ್ಲೇ ಅವರಿಗೆ ಇದು ಗೊತ್ತಾಗಿತ್ತು. ಎಂಥ ಕೊಳವೆಯ ತೂತನ್ನೂ ಮುಚ್ಚುವ ಮನುಷ್ಯ ತಾನು ಮಾಡಿದ ಕೆಲಸವನ್ನು ಯಾರಾದರೂ ಹೊಗಳಿದರೆ ಮುಗಿಯಿತು, ಮುಖ್ಯ ವಾಲ್ವೇ ಮುರಿದ ಹಾಗೆ. ಆ ಭಾನುವಾರ ಬ್ರೋಕರ್ ಬಂದಾಗಲೂ ಹಾಗೇ ಆಯಿತು.

ಬಾಡಿಗೆಯ ಕರಾರು ಮುಗಿಯಲು ಎರಡು ತಿಂಗಳಿತ್ತು. ಮನೆಯ ಒಡತಿ ನಿವೃತ್ತ ಗಣಿತದ ಟೀಚರು. ಇದೇ ಕಟ್ಟಡದಲ್ಲಿ ಅವರದು ಮೂರು ಫ್ಲ್ಯಾಟು, ಅವರಿರುವುದು ಊರಿನ ಇನ್ನೊಂದು ತುದಿಯಲ್ಲಿ. ಮೊಣಕಾಲು ನೋವಿನಿಂದ ನಾಲ್ಕು ವರ್ಷ ಈ ಕಡೆ ತಲೆ ಹಾಕಿರಲಿಲ್ಲ. ಈ ಸಲ ಕರಾರು ಹೊಸದು ಮಾಡುವ ಮುನ್ನ ಮನೆ ನೋಡಿಕೊಂಡು ಬರಲಿ ಎಂದು ಬ್ರೋಕರನ್ನು ಕಳಿಸಿದ್ದರು. ಅವನು ಮೆಲುಮಾತಿನ ತೆಳ್ಳಗಿನ ಮನುಷ್ಯ. ಕೈಯಲ್ಲಿ ಒಂದು ಪುಸ್ತಕ, ಕಿವಿಯ ಮೇಲೆ ಒಂದು ಪೆನ್ನು.

ಒಳಗೆ ಕಾಲಿಟ್ಟವನೇ ನಿಂತು ಸುತ್ತ ನೋಡಿದ. "ಪರವಾಗಿಲ್ವೇ, ಮನೆ ಬೆಳಗ್ತಾ ಇದೆ."

ಅಷ್ಟು ಸಾಕಾಯಿತು. ಪ್ಲಂಬರ್ ಅವನನ್ನು ಕೈಹಿಡಿದು ಕರೆದುಕೊಂಡು ಹೋಗದಿದ್ದದ್ದೇ ಹೆಚ್ಚು. ಮೊದಲು ಅಡುಗೆಮನೆ. ಒಂದು ಲೀಟರಿನ ಮಗ್ ತೆಗೆದ, ಗಡಿಯಾರ ಬಿಚ್ಚಿ ಬ್ರೋಕರನ ಕೈಗೇ ಕೊಟ್ಟ.

"ಹಳೇ ನಲ್ಲಿ ಐದು ಸೆಕೆಂಡಿಗೆ ಈ ಮಗ್ ತುಂಬಿಸ್ತಿತ್ತು. ಈಗ ನೋಡಿ, ಎಣಿಸ್ಕೊಳ್ಳಿ."

ನಲ್ಲಿ ಬಿಟ್ಟ. ನೀರು ಗಾಳಿ ಬೆರೆಸಿಕೊಂಡು ಬೆಳ್ಳಗೆ, ಮೆತ್ತಗೆ ಇಳಿಯಿತು. ಮಗ್ ತುಂಬಲು ಹತ್ತು ಸೆಕೆಂಡು ಹಿಡಿಯಿತು.

"ಅರ್ಧಕ್ಕರ್ಧ. ಆದ್ರೂ ಪಾತ್ರೆ ತೊಳೆಯೋಳಿಗೆ ನೀರು ಕಮ್ಮಿ ಅನ್ಸಲ್ಲ. ತುದೀಲಿ ಒಂದು ಜಾಲರಿ ಇದೆ ನೋಡಿ, ಅದರ ಕರಾಮತ್ತು. ಷವರಿಗೂ ಅಂಥದ್ದೇ ಹಾಕಿದೀನಿ. ಕಮೋಡಿನ ತೊಟ್ಟಿಗೆ ಎರಡು ಗುಂಡಿ, ಸಣ್ಣದು ಒತ್ತಿದ್ರೆ ಮೂರು ಲೀಟರು, ದೊಡ್ಡದು ಒತ್ತಿದ್ರೆ ಆರು. ಹಳೇದು ಒಂದೇ ಸಲಕ್ಕೆ ಹನ್ನೆರಡು ಕುಡೀತಿತ್ತು."

"ಮೀಟರು?"

"ಪ್ರತಿ ಮನೆಗೂ ಬೇರೆ. ಅದಕ್ಕೇ ನಮ್ಮ ನೀರಿನ ಬಿಲ್ಲು ಮುಂಚಿನ ಅರ್ಧಕ್ಕಿಂತ ಸ್ವಲ್ಪ ಮೇಲೆ ಬರುತ್ತೆ, ಅಷ್ಟೇ."

ಬ್ರೋಕರ್ ಬರೆದುಕೊಂಡ. ಅವನು ಬರೆದುಕೊಂಡಷ್ಟೂ ಇವನಿಗೆ ಹುರುಪು. ನಡುಮನೆಯಲ್ಲಿ ಹಾಲುಗಾಜು ಮುಚ್ಚಿದ ಎಲ್‌ಇಡಿ ದೀಪಗಳು, ನಡುಹಾದಿಯ ಗೋಡೆಯ ಬುಡದಲ್ಲಿ ಉದ್ದಕ್ಕೂ ಒಂದು ದೀಪದ ಪಟ್ಟಿ, ಕಪಾಟಿನ ಕೆಳಗೆ ಒಲೆಯ ಮೇಲೆ ಬೀಳುವಂತೆ ಇನ್ನೊಂದು. ಗೋಡೆಗಳಿಗೆ ಹೊಳಪಿಲ್ಲದ ಕೆನೆಬಣ್ಣ. ಬಾಗಿಲ ಚೌಕಟ್ಟುಗಳಿಗೆಲ್ಲ ಕಡುನೀಲಿ, ಸ್ವಿಚ್ಚುಗಳ ಸುತ್ತಲೂ ಕಡುನೀಲಿ ಅಂಚು.

"ಒಳ್ಳೆ ಡಿಸೈನರ್ ಲುಕ್ಕು," ಎಂದ ಬ್ರೋಕರ್.

ಅದು ಡಿಸೈನಲ್ಲ, ಅತ್ತೆಯ ಕಣ್ಣು. ಕಣ್ಣಿನ ಒತ್ತಡದ ಕಾಯಿಲೆ ಅವರ ನೋಟವನ್ನು ಅಂಚಿನಿಂದ ತಿನ್ನುತ್ತಾ ಬಂದಿತ್ತು. ಈಗ ಅವರಿಗೆ ಲೋಕ ಕಾಣುವುದು ಒಂದು ಸಣ್ಣ ಕೊಳವೆಯೊಳಗಿಂದ ಇಣುಕಿದ ಹಾಗೆ. ಎದುರಿಗಿರುವುದು ಕಾಣುತ್ತದೆ, ಪಕ್ಕದ್ದು ಇಲ್ಲ. ಗೋಡೆಯ ಬಣ್ಣದ್ದೇ ಬಾಗಿಲಾದರೆ ಭುಜ ಹೊಡೆಸಿಕೊಳ್ಳುತ್ತಾರೆ, ಹೊಳೆಯುವ ಬಣ್ಣವಾದರೆ ಬೆಳಕು ಚುಚ್ಚುತ್ತದೆ, ಮಬ್ಬಾದರೆ ಕೂತಲ್ಲಿಂದ ಏಳುವುದಿಲ್ಲ. ಅಳಿಯ ಇದನ್ನೆಲ್ಲ ಕಣ್ಣಿನ ಡಾಕ್ಟರ ಬಾಯಿಂದ ಕೇಳಿ, ರಜೆಯ ದಿನಗಳಲ್ಲಿ ತಾನೇ ಏಣಿ ಹತ್ತಿ ಮಾಡಿದ್ದ. ದುಡ್ಡೂ ಅವನದೇ. ಅದಕ್ಕೆ ಮುಂಚೆ ಟೀಚರಿಗೆ ಫೋನ್ ಮಾಡಿ ಕೇಳಿದ್ದ. "ನನಗೆ ಖರ್ಚಿಲ್ಲದೆ ಏನು ಬೇಕಾದ್ರೂ ಮಾಡ್ಕೊಳ್ಳಿ" ಎಂದು ಅವರು ಹೇಳಿ ಮರೆತೂ ಬಿಟ್ಟಿದ್ದರು. ಬಾಯಿಮಾತಿಗೆ ಕಾಗದವಿರುವುದಿಲ್ಲ.

ಇದನ್ನೂ ಬ್ರೋಕರನಿಗೆ ಹೇಳಬಹುದಿತ್ತು. ಆದರೆ ಪ್ಲಂಬರನಿಗೆ ಆ ಹೊತ್ತಿನಲ್ಲಿ ಲೀಟರಿನ ಲೆಕ್ಕವೇ ಮುಖ್ಯವಾಗಿ ಕಂಡಿತು. ಮೂಲೆಯ ಕುರ್ಚಿಯಲ್ಲಿ ಕೂತಿದ್ದ ಅತ್ತೆ ಎರಡು ಸಲ ಕೆಮ್ಮಿದರು. ಅವನು ಕೇಳಿಸಿಕೊಳ್ಳಲಿಲ್ಲ.

ವಾರ ಕಳೆದು ಟೀಚರ ಹೆಸರಿನಲ್ಲಿ ಬ್ರೋಕರ್ ಬರೆದ ಕಾಗದ ಬಂತು. ಇಸ್ತ್ರಿ ಅಂಗಡಿಯ ಕೆಲಸ ಮುಗಿಸಿ ಬಂದ ಹೆಂಡತಿ ಚಪ್ಪಲಿ ಬಿಡುತ್ತಲೇ ಓದಿದಳು. ಹೊಸ ಕರಾರಿನಿಂದ ಬಾಡಿಗೆ ಕಾಲು ಭಾಗ ಹೆಚ್ಚು. ಕಾರಣ: ನೀರು ಉಳಿಸುವ ನಲ್ಲಿ, ಷವರು, ತೊಟ್ಟಿ; ಉತ್ತಮ ದೀಪ ವ್ಯವಸ್ಥೆ; ಹೊಸ ಬಣ್ಣ. ಇಂಥ ಸೌಕರ್ಯವಿರುವ ಮನೆಗಳಿಗೆ ಪಕ್ಕದ ಬೀದಿಯಲ್ಲಿ ಇಷ್ಟು ಬಾಡಿಗೆ ನಡೆಯುತ್ತಿದೆ, ನೀರು ಮತ್ತು ಕರೆಂಟಿನ ಬಿಲ್ಲು ಕಡಿಮೆಯಾಗುವುದರಿಂದ ಬಾಡಿಗೆದಾರರಿಗೆ ಹೊರೆಯಾಗದು. ಒಪ್ಪಿಗೆಯಿಲ್ಲದಿದ್ದರೆ ಕರಾರಿನ ಕೊನೆಯ ದಿನ ಮನೆ ಬಿಡತಕ್ಕದ್ದು.

"ಮೂರು ಲೀಟರು, ಆರು ಲೀಟರು ಅಂತ ಕೂಡ ಹಾಕಿದಾರೆ ರೀ," ಎಂದಳು. "ಇದು ಬ್ರೋಕರ್ ಬರೆದದ್ದಲ್ಲ, ನೀವೇ ಬರೆಸಿದ್ದು."

"ಉಳಿಸಿದ್ದು ನಾವು. ಏರಿಸೋದು ಅವರಾ?"

"ಹಗ್ಗ ಅವರ ಕೈಗೆ ಕೊಟ್ಟಿದ್ದು ಯಾರು?"

ಅವನಿಗೆ ಸಿಟ್ಟು ಬಂತು. ಕಾಲು ಭಾಗ ಹೆಚ್ಚು ಕೊಡುವುದು ಅವರಿಬ್ಬರ ದುಡಿಮೆಯಲ್ಲಿ ಆಗದ ಮಾತು. ಬಿಲ್ಲಿನಲ್ಲಿ ಉಳಿದದ್ದು ಆ ಏರಿಕೆಯ ಒಂದು ಮೂಲೆಗೂ ಬರುತ್ತಿರಲಿಲ್ಲ. ಹಾಗಾದರೆ ಮನೆ ಬಿಡಬೇಕು. ಗಂಡ ಹೆಂಡತಿ ಇಬ್ಬರೇ ಆಗಿದ್ದರೆ ಬಿಡಬಹುದಿತ್ತು. ಆದರೆ ಈ ಮನೆಯನ್ನು ಕಲಿಯಲು ಅತ್ತೆಗೆ ಎರಡು ವರ್ಷ ಹಿಡಿದಿತ್ತು. ಮಂಚದಿಂದ ಬಾಗಿಲಿಗೆ ಆರು ಹೆಜ್ಜೆ, ಬಾಗಿಲಿಂದ ಬಚ್ಚಲಿಗೆ ಒಂಬತ್ತು. ನೋಟ ಇನ್ನಷ್ಟು ಕಿರಿದಾಗಿರುವ ಈಗ ಹೊಸ ಮನೆಯನ್ನು ಅವರು ಕಲಿಯುತ್ತಾರೆಂದು ಡಾಕ್ಟರೂ ಹೇಳಲಾರರು. ಮೇಲಾಗಿ, ಮಗಳು ಕೆಲಸಕ್ಕೆ ಹೋದಾಗ ಮಧ್ಯಾಹ್ನ ನಾಲ್ಕಕ್ಕೆ ಬಂದು ಅವರ ಕಣ್ಣಿಗೆ ಹನಿ ಹಾಕುತ್ತಿದ್ದವಳು ಕೆಳಗಿನ ಮನೆಯ ನರ್ಸ್. ಅವಳೂ ಟೀಚರ ಬಾಡಿಗೆದಾರಳೇ. ಪಾಳಿಯ ಕೆಲಸ, ಒಬ್ಬಳೇ ಇರುತ್ತಾಳೆ. ಹನಿ ಹಾಕುವುದನ್ನು ಮೂರು ವರ್ಷದಿಂದ ಒಂದು ದಿನವೂ ತಪ್ಪಿಸಿರಲಿಲ್ಲ, ಒಂದು ಲೋಟ ಕಾಫಿಗಿಂತ ಹೆಚ್ಚೇನೂ ಮುಟ್ಟಿರಲಿಲ್ಲ.

ಪ್ಲಂಬರ್ ಒಂದು ರಾತ್ರಿ ಯೋಚಿಸಿ, ಬೆಳಿಗ್ಗೆ ಅಟ್ಟದಿಂದ ಗೋಣಿಚೀಲ ಇಳಿಸಿದ.

ಆ ಚೀಲಕ್ಕೆ ಒಂದು ಹಿನ್ನೆಲೆಯಿದೆ. ಅವನಿಗೆ ಕೆಲಸ ಕಲಿಸಿದ ಮೇಸ್ತ್ರಿ ಒಂದೇ ಒಂದು ಕಟ್ಟುಪಾಡು ಹೇಳಿಕೊಟ್ಟಿದ್ದ: ಬಿಚ್ಚಿದ್ದು ಮನೆಯವರದ್ದು. ಹಳೆಯ ಹಿತ್ತಾಳೆ ನಲ್ಲಿಗೆ ಗುಜರಿಯಲ್ಲಿ ಬೆಲೆಯಿದೆ, ಅದನ್ನು ಜೇಬಿಗೆ ಹಾಕಿಕೊಂಡ ಪ್ಲಂಬರನನ್ನು ಎರಡನೇ ಸಲ ಯಾರೂ ಮನೆಯೊಳಗೆ ಬಿಡುವುದಿಲ್ಲ. ಅದಕ್ಕೆ ಅವನು ಎಲ್ಲಿ ಕೆಲಸ ಮಾಡಿದರೂ ಬಿಚ್ಚಿದ ಪ್ರತಿ ಸಾಮಾನಿಗೆ ದಾರದಲ್ಲಿ ಒಂದು ರಟ್ಟಿನ ಚೀಟಿ ಕಟ್ಟುತ್ತಿದ್ದ. ಯಾವ ಜಾಗದ್ದು, ಯಾವ ತಾರೀಖು. ತನ್ನದೇ ಬಾಡಿಗೆ ಮನೆಯಲ್ಲೂ ಹಾಗೇ ಮಾಡಿದ್ದ. ಟೀಚರು ಒಂದು ದಿನ ಕೇಳಿಯಾರು ಎಂದು ಎಲ್ಲವೂ ಚೀಲದಲ್ಲಿತ್ತು: ನಾಲ್ಕು ನಲ್ಲಿ, ಷವರಿನ ತಲೆ, ತೊಟ್ಟಿಯ ಒಳಗಿನ ಸರಂಜಾಮು, ಐದು ಟ್ಯೂಬ್‌ಲೈಟಿನ ಪಟ್ಟಿ.

"ಇದ್ದ ಹಾಗೇ ಇಡ್ತೀನಿ," ಎಂದ ಹೆಂಡತಿಗೆ. "ಅವರು ಕೊಟ್ಟ ಮನೆ ಅವರಿಗೆ. ಟೀಚರಿಗೆ ಫೋನ್ ಮಾಡಿ ನೀವೇ ಬಂದು ನೋಡಿ ಅಂದಿದೀನಿ. ನಾಡಿದ್ದು ಬರ್ತಾರೆ. ಹಳೇ ಸಾಮಾನಿಗೆ ಯಾವ ಬ್ರೋಕರ್ ಕಾಲು ಭಾಗ ಏರಿಸ್ತಾನೆ ನೋಡೋಣ."

"ಬಣ್ಣ?"

"ಹಳೇ ಬಣ್ಣದ ಡಬ್ಬ ತಂದಿದೀನಿ."

"ಅಮ್ಮ?"

"ಎರಡು ದಿನದ ಮಾತು. ಕರಾರಿಗೆ ಸಹಿ ಬಿದ್ದ ಮಾರನೇ ದಿನ ಎಲ್ಲಾ ವಾಪಸ್ ಹಾಕ್ತೀನಿ."

ಅವಳು ತಾಯಿಯನ್ನು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೊರಟಳು. ಕಣ್ಣಿನ ಒತ್ತಡ ಅಳೆಸುವ ದಿನ ಅದು, ಮಧ್ಯಾಹ್ನದವರೆಗೆ ಬರುವುದಿಲ್ಲ.

ಅವನು ವಾಲ್ವ್ ಮುಚ್ಚಿ ಕೆಲಸಕ್ಕೆ ಕೂತ. ನಲ್ಲಿ ಬಿಚ್ಚಿದ, ಹಳೆಯದಕ್ಕೆ ಸೋರದಂತೆ ಟೇಪು ಸುತ್ತಿ ತಿರುಗಿಸಿ ಕೂರಿಸಿದ. ಹೊಸದಕ್ಕೆ ಚೀಟಿ ಕಟ್ಟಬೇಕೋ ಬೇಡವೋ ಎಂದು ಒಂದು ಕ್ಷಣ ಗೊಂದಲವಾಯಿತು. ಇವು ಅವನವೇ, ಆದರೂ ಅಭ್ಯಾಸಬಲದಿಂದ ಕಟ್ಟಿದ. ದೀಪಗಳನ್ನು ಇಳಿಸಿ, ಗೋಡೆಬುಡದ ಪಟ್ಟಿಯನ್ನೂ ಕಿತ್ತು, ಟ್ಯೂಬ್‌ಲೈಟು ಏರಿಸಿದ. ಐದರಲ್ಲಿ ಎರಡು ಹೊತ್ತಿಕೊಂಡವು, ಒಂದು ಮಿಣಮಿಣ ಎಂದಿತು, ಉಳಿದೆರಡಕ್ಕೆ ಜೀವವಿರಲಿಲ್ಲ. ಆಮೇಲೆ ಕುಂಚ ತೆಗೆದುಕೊಂಡು ಅತ್ತೆಯ ಕೋಣೆಯ ಚೌಕಟ್ಟಿನಿಂದ ಶುರುಮಾಡಿದ. ಕಡುನೀಲಿಯ ಮೇಲೆ ಹಳೆಯ ಕೆಸರುಬಣ್ಣ ಒಂದೇ ಸಲಕ್ಕೆ ಕೂರಲಿಲ್ಲ, ಎರಡು ಸಲ ಬಳಿಯಬೇಕಾಯಿತು. ಒಳ್ಳೆಯ ಕೆಲಸವನ್ನು ಕೆಡಿಸುವುದೂ ಸುಲಭವಲ್ಲ, ಅದಕ್ಕೂ ಬೆನ್ನು ನೋಯುತ್ತದೆ.

ಹನ್ನೆರಡೂವರೆಗೆ ಬಾಗಿಲು ತೆರೆಯಿತು. ಮಗಳು ತಾಯಿಯನ್ನು ಹೊಸ್ತಿಲು ದಾಟಿಸಿ, ಔಷಧಿ ಕೊಂಡು ಹಾಗೇ ಕೆಲಸಕ್ಕೆ ಹೋಗಲು ಮತ್ತೆ ಇಳಿದಳು. ಅತ್ತೆ ಎಂದಿನಂತೆ ಯಾರ ಕೈಯನ್ನೂ ಹಿಡಿಯದೆ ನಡುಹಾದಿಯಲ್ಲಿ ನಡೆದರು. ಮೂರು ಹೆಜ್ಜೆ ಸರಿಯಾಗಿಯೇ ಇಟ್ಟರು. ನಾಲ್ಕನೆಯದಕ್ಕೆ ನಿಂತರು. ಕಾಲಿನ ಹತ್ತಿರ ಸದಾ ಇರುತ್ತಿದ್ದ ಬೆಳಕಿನ ಗೆರೆಯನ್ನು ಹುಡುಕಿ ತಲೆ ಬಗ್ಗಿಸಿದರು. ಆಮೇಲೆ ಅಂದಾಜಿನಲ್ಲಿ ತಿರುಗಿದರು, ಭುಜ ಚೌಕಟ್ಟಿಗೆ ದಪ್ಪೆಂದು ಬಡಿಯಿತು. ತೋಳಿಗೆ ಹಸಿ ಬಣ್ಣ ಮೆತ್ತಿಕೊಂಡಿತು. ಅದು ಅವರಿಗೆ ಕಾಣಲಿಲ್ಲ.

"ಅಳಿಯಂದ್ರೇ, ಇದೀರಾ?"

"ಇದೀನಿ ಅತ್ತೆ."

"ಕರೆಂಟ್ ಹೋಗಿದ್ಯಾ?"

ನಿಜ ಹೇಳಲು ಅವನಿಗೆ ಬಾಯಿ ಬರಲಿಲ್ಲ. ಅಷ್ಟು ಸೋರುವ ಬಾಯಿ, ಆವತ್ತು ಕಟ್ಟಿಕೊಂಡಿತು.

"ಹೂಂ ಅತ್ತೆ. ಹೋಗಿದೆ."

"ಸರಿ. ಬರೋವರೆಗೂ ಇಲ್ಲೇ ಕೂತಿರ್ತೀನಿ. ನೀವು ನಿಮ್ಮ ಕೆಲಸ ನೋಡ್ಕೊಳ್ಳಿ."

ಗೋಡೆಗೆ ಬೆನ್ನು ಕೊಟ್ಟು ನಡುಹಾದಿಯ ನೆಲದ ಮೇಲೆ ಕೂತರು. ಮಡಿಲಲ್ಲಿ ಕೈಯಿಟ್ಟುಕೊಂಡರು. ಕರೆಂಟ್ ಹೋದರೆ ಬಂದೇ ಬರುತ್ತದೆ ಎಂಬಂತೆ ಕಾದರು. ಅಡುಗೆಮನೆಯಲ್ಲಿ ಮಿಣುಕುತ್ತಿದ್ದ ಟ್ಯೂಬ್‌ಲೈಟಿನ ಗುಂಯ್ ಸದ್ದು ಅವರಿಗೆ ಕೇಳಿಸುತ್ತಿತ್ತು. ಕಣ್ಣು ಹೋದವರ ಕಿವಿ ಚುರುಕು. ಕರೆಂಟ್ ಇದೆ ಎಂದು ಗೊತ್ತಿದ್ದೇ ಸುಮ್ಮನಿದ್ದರು ಎಂದು ಅವನಿಗೆ ಹೊಳೆದಾಗ ಕುಂಚ ಡಬ್ಬದೊಳಗೆ ಬಿತ್ತು.

ಯಾವ ಮನೆಯನ್ನು ಉಳಿಸಿಕೊಳ್ಳಲು ಇದನ್ನೆಲ್ಲ ಮಾಡುತ್ತಿದ್ದನೋ ಆ ಮನೆಯನ್ನು ಅವನೇ ಬೆಳಗಿನಿಂದ ಬಿಚ್ಚಿಟ್ಟಿದ್ದ. ಇಳಿಸಿಟ್ಟ ದೀಪಗಳನ್ನು ನಡುಹಾದಿಗೆ ತಂದ. ಮೊದಲು ಗೋಡೆಬುಡದ ಪಟ್ಟಿಯನ್ನು ಕೂರಿಸಿ ಹೊತ್ತಿಸಿದ.

"ಬಂತಲ್ಲ," ಎಂದರು ಅತ್ತೆ, ಕೈಯೂರಿ ಏಳುತ್ತ.

ಸಂಜೆಯ ಹೊತ್ತಿಗೆ ನಲ್ಲಿ, ಷವರು, ತೊಟ್ಟಿ, ದೀಪ ಎಲ್ಲ ತಮ್ಮ ಜಾಗದಲ್ಲಿದ್ದವು. ಚೌಕಟ್ಟಿಗೆ ಮತ್ತೆ ಕಡುನೀಲಿ ಹೊಡೆದ. ಒಂದೊಂದು ತಿರುಪು ಬಿಗಿದಾಗಲೂ ತನ್ನ ಬಾಡಿಗೆಯನ್ನು ತಾನೇ ಒಂದೊಂದು ಸುತ್ತು ಏರಿಸುತ್ತಿದ್ದೇನೆ ಎಂದು ಗೊತ್ತಿತ್ತು. ಹೆಂಡತಿ ಬಂದು ನೋಡಿದಳು. ತಾಯಿಯ ತೋಳಿನ ಕಲೆಯನ್ನು ಸೀಮೆಎಣ್ಣೆಯಿಂದ ಒರೆಸಿದಳು.

ಟೀಚರು ಹೇಳಿದ ದಿನ ಹೇಳಿದ ಹೊತ್ತಿಗೆ ಬಂದರು. ಎರಡು ಮಹಡಿ ಹತ್ತಿದ ಮೊಣಕಾಲನ್ನು ಒತ್ತಿಕೊಳ್ಳುತ್ತ ಕುರ್ಚಿಯಲ್ಲಿ ಕೂತು, "ತೋರಿಸಿ" ಎಂದರು. ಪ್ಲಂಬರ್ ಮಗ್ ತೆಗೆಯಲಿಲ್ಲ. ಚೀಲ ತಂದು ಅವರ ಕಾಲ ಬಳಿ ಇಟ್ಟ.

"ಇದು ನಿಮ್ಮದು ಟೀಚರ್. ನಾಲ್ಕು ವರ್ಷದ ಹಿಂದೆ ನೀವು ಕೊಟ್ಟ ಮನೆ ಇದರಲ್ಲಿದೆ. ಗೋಡೇಲಿರೋದು ನಂದು. ನಿಮ್ಮನ್ನ ಫೋನಲ್ಲಿ ಕೇಳಿಯೇ ಮಾಡಿದ್ದು."

ಟೀಚರು ಕನ್ನಡಕ ಏರಿಸಿ ಒಂದು ನಲ್ಲಿಯ ಚೀಟಿ ಓದಿದರು. ಇನ್ನೊಂದರದ್ದೂ ಓದಿದರು. ಉತ್ತರಪತ್ರಿಕೆ ತಿದ್ದುವವರ ಹಾಗೆ ಎಲ್ಲವನ್ನೂ ಹೊರತೆಗೆದು, ಎಣಿಸಿ, ಮತ್ತೆ ಒಳಗಿಟ್ಟರು. ಅಷ್ಟರಲ್ಲಿ ಅತ್ತೆ ಕೋಣೆಯಿಂದ ಬಂದರು. ನೀಲಿ ಚೌಕಟ್ಟಿನ ನಡುವೆ ನೆಟ್ಟಗೆ ನಡೆದು, ಬಂದವರಿಗೆ ನೀರು ತರಲು ಅಡುಗೆಮನೆಗೆ ಹೋಗಿ, ತುಂಬಿದ ಲೋಟವನ್ನು ಒಂದು ಹನಿ ಚೆಲ್ಲದೆ ತಂದುಕೊಟ್ಟರು.

"ನಿಮಗೆ ಕಣ್ಣು ಕಾಣಲ್ಲ ಅಂದ್ರಲ್ಲ ಫೋನಲ್ಲಿ ನಿಮ್ಮ ಅಳಿಯ?"

"ಈ ಮನೇಲಿ ಕಾಣತ್ತೆ ತಾಯಿ. ಬೀದೀಲಿ ಕಾಣಲ್ಲ."

ಟೀಚರು ನೀರು ಕುಡಿದು ಲೋಟ ಇಟ್ಟರು.

"ಬ್ರೋಕರ್ ಹೇಳಿದ್ದು ಸುಳ್ಳಲ್ಲ. ಈ ಮನೆಗೆ ಇವತ್ತು ಬೇರೆಯವರು ಅಷ್ಟು ಕೊಡ್ತಾರೆ. ಆದ್ರೆ ನಾನು ಹಾಕದೇ ಇರೋದಕ್ಕೆ ನಾನು ಬಾಡಿಗೆ ಕೇಳಿದ್ರೆ ಅದು ತಪ್ಪು ಲೆಕ್ಕ. ಎರಡು ವರ್ಷ ಇದೇ ಬಾಡಿಗೆ, ಕರಾರಲ್ಲಿ ಬರೆದುಕೊಡ್ತೀನಿ. ಎರಡು ಷರತ್ತು. ಬಿಟ್ಟು ಹೋಗೋವಾಗ ಒಂದು ತಿರುಪೂ ಬಿಚ್ಚಬಾರದು, ಎಲ್ಲಾ ಮನೆಗೇ ಬಿಡಬೇಕು."

"ಆಯ್ತು. ಎರಡನೇದು?"

"ನನ್ನ ಉಳಿದೆರಡು ಮನೆಗೂ ಇದೇ ನಲ್ಲಿ, ಇದೇ ದೀಪ, ಇದೇ ಬಣ್ಣ, ನೀವೇ ಮಾಡಿಕೊಡಬೇಕು. ಸಾಮಾನೂ ನಂದು, ನಿಮ್ಮ ಕೂಲೀನೂ ನಂದು. ಅಲ್ಲಿ ನಾನು ಹಾಕಿದ್ದಕ್ಕೆ ನಾನು ಏರಿಸ್ಬಹುದಲ್ಲ."

ಲೆಕ್ಕ ಎಲ್ಲೂ ತಪ್ಪಿರಲಿಲ್ಲ. ಟೀಚರು ತಂದಿದ್ದ ಕರಾರಿನಲ್ಲಿ ಅದನ್ನೆಲ್ಲ ಬರೆದರು, ಅವನು ಸಹಿ ಹಾಕಿದ. ಹೆಂಡತಿ ಅಡುಗೆಮನೆಗೆ ಹೋಗಿ ಗಟ್ಟಿಯಾಗಿ ಉಸಿರು ಬಿಟ್ಟದ್ದು ಹೊರಗಿನವರೆಗೂ ಕೇಳಿಸಿತು. ಅತ್ತೆ ಮಾತ್ರ, "ಉಳಿದೆರಡು ಅಂದ್ರೆ ಯಾರ್ಯಾರ ಮನೆ?" ಎಂದು ಕೇಳಿದರು. ಯಾರೂ ಉತ್ತರ ಕೊಡುವ ಗೋಜಿಗೆ ಹೋಗಲಿಲ್ಲ.

ಮೂರನೇ ಮಹಡಿಯ ಮನೆ ಖಾಲಿಯಿತ್ತು, ಅದು ಬೇಗ ಮುಗಿಯಿತು. ಆಮೇಲೆ ಒಂದು ಮಧ್ಯಾಹ್ನ ಪ್ಲಂಬರ್ ಸಾಮಾನಿನ ಡಬ್ಬಗಳನ್ನು ಹೊತ್ತು ಕೆಳಗಿಳಿದು ನರ್ಸ್ ಮನೆಯ ಬಾಗಿಲು ತಟ್ಟಿದ. ಅವಳು ರಾತ್ರಿಪಾಳಿ ಮುಗಿಸಿ ಮಲಗಿ ಎದ್ದಿದ್ದಳು, ಕೂದಲು ಇನ್ನೂ ಕಟ್ಟಿರಲಿಲ್ಲ.

"ಬನ್ನಿ ಬನ್ನಿ. ಈ ಟೀಚರಿಗೆ ಇದ್ದಕ್ಕಿದ್ದ ಹಾಗೆ ಏನು ದಯೆ ಬಂತೋ. ಐದು ವರ್ಷ ಅಡುಗೆಮನೆ ದೀಪ ಸರಿಮಾಡ್ಸಿ ಅಂತ ಕೇಳಿ ಸಾಕಾಗಿತ್ತು. ಈಗ ಪೂರ್ತಿ ಮನೇನೇ."

ಅವನು ವಾಲ್ವ್ ಮುಚ್ಚಿ, ಅಡುಗೆಮನೆಯ ನಲ್ಲಿ ಬಿಚ್ಚಿ, ಚೀಟಿ ಬರೆಯಲು ಕೂತ. ಅವಳು ಕಪಾಟಿನಿಂದ ಒಂದು ಮಗ್ ತಂದು ಅವನ ಮುಂದೆ ಹಿಡಿದಳು.

"ನಿಮ್ಮತ್ತೆ ಹೇಳಿದಾರೆ. ಗಡಿಯಾರ ಹಿಡಿದು ಲೆಕ್ಕ ತೋರಿಸ್ತೀರಂತೆ. ನನಗೂ ತೋರಿಸಿ, ಎಷ್ಟು ಉಳಿಯುತ್ತೆ?"

ಈ ಪ್ರಶ್ನೆಯನ್ನು ಯಾರು ಕೇಳಿದರೂ ಸುಮ್ಮನಿರಲು ಅವನಿಗೆ ಎಂದೂ ಆಗಿರಲಿಲ್ಲ. ಮಗ್ಗನ್ನು ತೆಗೆದುಕೊಂಡು ಕಟ್ಟೆಯ ಮೇಲಿಟ್ಟ.

"ನಿಮ್ಮ ಕರಾರು ಯಾವಾಗ ಮುಗಿಯುತ್ತೆ?"

"ಇನ್ನೂ ಆರು ತಿಂಗಳಿದೆ. ಯಾಕೆ?"

"ಆಗ ಬಾಡಿಗೆ ಏರುತ್ತೆ. ಕಾಲು ಭಾಗ. ಈ ನಲ್ಲಿ, ಈ ದೀಪ, ಈ ಬಣ್ಣ ತೋರಿಸಿಯೇ ಏರಿಸ್ತಾರೆ. ನೀರಲ್ಲಿ ಉಳಿಯೋದು ಅದಕ್ಕೆ ಸಾಲಲ್ಲ. ಬೇಕಾ ಬೇಡ್ವಾ ಅಂತ ಈಗಲೇ ಟೀಚರ ಹತ್ರ ಮಾತಾಡಿ. ಏನು ಹೇಳಿದ್ರೂ ಬರೆಸ್ಕೊಳ್ಳಿ, ಬಾಯಿಮಾತಲ್ಲಿ ಬಿಡ್ಬೇಡಿ."

ಅವಳು ಕೂದಲು ಕಟ್ಟಿಕೊಂಡಳು. ಕಟ್ಟುವವರೆಗೂ ಅವನನ್ನೇ ನೋಡುತ್ತಿದ್ದಳು.

"ನಿಮ್ಮದೂ ಏರಿತಾ?"

"ಇಲ್ಲ."

"ಯಾಕೆ ಏರಲಿಲ್ಲ?"

ಅವನ ಕೈಯಲ್ಲಿ ಹಳೆಯ ನಲ್ಲಿಯಿತ್ತು, ದಾರ ಅರ್ಧ ಕಟ್ಟಿತ್ತು. ಸುಳ್ಳಿಗೆ ಬೇಕಾದಷ್ಟು ಜಾಗವಿತ್ತು. ಅತ್ತೆಯ ಕಣ್ಣು ಎನ್ನಬಹುದಿತ್ತು, ಟೀಚರ ಒಳ್ಳೆಯತನ ಎನ್ನಬಹುದಿತ್ತು, ಎರಡೂ ಪೂರ್ತಿ ಸುಳ್ಳೂ ಆಗುತ್ತಿರಲಿಲ್ಲ.

"ನಿಮ್ಮನೇ ಕೆಲಸ ಮಾಡ್ಕೊಡ್ತೀನಿ ಅಂತ ಒಪ್ಕೊಂಡೆ. ಅದಕ್ಕೆ."

ಅವಳು ಗೋಡೆಯ ಗಡಿಯಾರ ನೋಡಿದಳು, ನಾಲ್ಕಾಗಲು ಎರಡು ನಿಮಿಷವಿತ್ತು. ಬಚ್ಚಲಿಗೆ ಹೋದಳು, ಅಲ್ಲಿಯೂ ನೀರು ಬರುತ್ತಿರಲಿಲ್ಲ. ಬಕೆಟಿನಲ್ಲಿದ್ದ ನೀರಿನಲ್ಲಿ ಸೋಪು ಹಾಕಿ ಕೈ ತೊಳೆದುಕೊಂಡಳು, ಬೆರಳುಗಳ ಸಂದಿಯನ್ನೂ ಬಿಡದೆ. ಆಮೇಲೆ ಅವನ ಪಕ್ಕದಿಂದಲೇ ಹಾದು, ಬಾಗಿಲು ತೆರೆದು, ಅತ್ತೆಯ ಕಣ್ಣಿಗೆ ಹನಿ ಹಾಕಲು ಮೆಟ್ಟಿಲು ಹತ್ತಿದಳು.

ಅವನು ಚೀಟಿ ಬರೆದು ಮುಗಿಸಿದ. ಅಡುಗೆಮನೆ, ಇವತ್ತಿನ ತಾರೀಖು. ಹೊಸ ನಲ್ಲಿಯ ಡಬ್ಬವನ್ನು ಒಡೆಯದೆ, ಅವಳು ಇಳಿದು ಬಂದು ಬೇಕು ಎನ್ನುವವರೆಗೆ ಇಲ್ಲವೇ ಬೇಡ ಎನ್ನುವವರೆಗೆ, ಹಳೆಯದನ್ನು ಹಿಡಿದುಕೊಂಡು ನೆಲದ ಮೇಲೆ ಕೂತ.